ಅಪ್‌ಡೇಟ್: ತುದಿಗಳ ತಾಪ ಸೊನ್ನೆಯಲ್ಲದಿದ್ದಾಗ ಸರಳಿನ ಶಾಖ ಸಮೀಕರಣ

ನನ್ನ ಪ್ರಶ್ನೆ: "ಅರ್ಧ ಮೀಟರ್ ತಾಮ್ರದ ಸರಳು, ಪಕ್ಕಗಳಿಗೆ ಶಾಖ ನಿರೋಧಕ. ಮೊದಲು ಎಲ್ಲೆಡೆ 20°C. ಆಮೇಲೆ ಎಡತುದಿ 20°C, ಬಲತುದಿ 100°C. X(x)T(t) ಎಂದು ಬರೆದರೆ ತುದಿಯ ಷರತ್ತು ಕೂಡುತ್ತಿಲ್ಲ, ಏಕೆ?"

ಬಲತುದಿಯಲ್ಲಿ X(L)T(t) = 100 ಆಗಬೇಕಾದರೆ T ಬದಲಾಗುವಂತೆಯೇ ಇಲ್ಲ. ಅಲ್ಲದೆ ತುದಿಗಳು ಸೊನ್ನೆಯಲ್ಲದಿದ್ದರೆ ಪರಿಹಾರಗಳನ್ನು ಕೂಡಿಸಿದಾಗ ತುದಿಯ ತಾಪವೂ ಕೂಡಿಬಿಡುತ್ತದೆ. ಹಾಗಾಗಿ ಮೊದಲು ಸ್ಥಿರ ಸ್ಥಿತಿಯ ನೇರ ಗೆರೆ 20 + 80x/L ಅನ್ನು ಕಳೆಯಬೇಕು. ಉಳಿಯುವ v ಎರಡೂ ತುದಿಯಲ್ಲಿ ಸೊನ್ನೆ. ಅದಕ್ಕೆ ಚರಗಳ ಬೇರ್ಪಡಿಕೆ ಸಲೀಸು. ಆದರೆ v ಯ ಆರಂಭಿಕ ಬೆಲೆಯೂ ಬದಲಾಗಿ −80x/L ಆಗುತ್ತದೆ. ಸೈನ್ ಗುಣಾಂಕಗಳನ್ನು ಇದರಿಂದಲೇ ತೆಗೆಯಬೇಕು, 20 ರಿಂದ ಅಲ್ಲ.

```
u = 20 + 80x/L + Σ (160(-1)^n/(nπ)) sin(nπx/L) e^(-αn²π²t/L²)
```

ತಾಮ್ರಕ್ಕೆ α ಸುಮಾರು 1.1×10⁻⁴ m²/s. ಮೊದಲ ಪದದ ಕಾಲಮಾನ L²/(απ²) ಸುಮಾರು 230 ಸೆಕೆಂಡು, ಎರಡನೆಯದು ಅದರ ಕಾಲುಭಾಗ. 230 ಸೆಕೆಂಡಿನ ಹೊತ್ತಿಗೆ ನಡುಬಿಂದುವಿಗೆ ಒಂದೇ ಪದ ಸಾಕು: 60 − 50.9/e, ಅಂದರೆ 41.3°C.

t = 0 ರಲ್ಲಿ ಮಾತ್ರ ಎಚ್ಚರ. ಎಷ್ಟೇ ಪದ ಸೇರಿಸಿದರೂ ಬಲತುದಿಯ ಹತ್ತಿರ ಗ್ರಾಫ್ ಸುಮಾರು 6°C ಗೆ ಇಳಿಯುತ್ತದೆ. ಸರಳು 20°C ಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಇದು ಗಿಬ್ಸ್ ಪರಿಣಾಮ. ಪದ ಹೆಚ್ಚಿದಂತೆ ಆ ತಗ್ಗು ತುದಿಗೆ ಸರಿಯುತ್ತದೆ, ಆಳ ಕಡಿಮೆಯಾಗದು. ಕೆಲವು ಸೆಕೆಂಡು ಕಳೆದ ಮೇಲೂ ತಗ್ಗು ಕಂಡರೆ, ತೆಗೆದುಕೊಂಡ ಪದಗಳು ಸಾಲದು ಇಲ್ಲವೇ (−1)ⁿ ಚಿಹ್ನೆ ತಪ್ಪಿದೆ.