‘ಶಂಕುವಿನ ಕೋನ’ ಅಂದರೆ ಯಾವ ಕೋನ?

ಗೆಳೆಯರೇ,

ಶಂಕು ಲೋಲಕದ ಲೆಕ್ಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಕ್ಕದಿಂದ ನೋಡಿದ ಹಾಗೆ ಚಿತ್ರ ಬರೆದಿದ್ದಾರೆ. ಮೇಲೆ ಮೊಳೆ, ಅದರಿಂದ 50 ಸೆಂ.ಮೀ. ದಾರ, ತುದಿಗೆ 200 ಗ್ರಾಂ ಗುಂಡು. ಗುಂಡು ಒಂದೇ ಮಟ್ಟದಲ್ಲಿ ದುಂಡಗೆ ಸುತ್ತುತ್ತಿದೆ. ಅದರ ಎಡ ಕೊನೆಯಿಂದ ಬಲ ಕೊನೆಗೆ 60 ಸೆಂ.ಮೀ. ಮೊಳೆಯಿಂದ ನೇರ ಕೆಳಕ್ಕೆ ಚುಕ್ಕಿಗೆರೆ ಇದೆ.

ಕೇಳಿರುವುದು ದಾರದ ಸೆಳೆತ, ಶಂಕುವಿನ ಕೋನ, ಒಂದು ಸುತ್ತಿಗೆ ಹಿಡಿಯುವ ಕಾಲ. ‘ಶಂಕುವಿನ ಕೋನ’ ಅಂದರೆ ಚುಕ್ಕಿಗೆರೆಯಿಂದ ದಾರದವರೆಗೋ, ಈ ಕಡೆ ದಾರದಿಂದ ಆ ಕಡೆ ದಾರದವರೆಗೋ? ‘ಸೆಳೆತ’ ಸರಿಯೋ, ‘ಬಿಗಿತ’ವೋ?

—

ಶಂಕು ಅಂದಮೇಲೆ ತುದಿಯ ಪೂರ್ತಿ ಕೋನವೇ ಅಲ್ವಾ? ಇಲ್ಲಿ ಸುಮಾರು 74°. ಸೆಳೆತ mg cosθ. ಲೋಲಕದ ಪಾಠದಲ್ಲಿ ಹಾಗೇ ಓದಿದ ನೆನಪು.

—

ಜ್ಯಾಮಿತಿಯಲ್ಲಿ ನೀವು ಹೇಳುವ ಅರ್ಥ ಸರಿ. ಆದರೆ ಈ ಲೆಕ್ಕದ θ ಅದರ ಅರ್ಧ. 60 ಸೆಂ.ಮೀ. ಅನ್ನೋದು ವೃತ್ತದ ವ್ಯಾಸ, ಹಾಗಾಗಿ ತ್ರಿಜ್ಯ 30. ದಾರ 50 ಇದ್ದರೆ ಎತ್ತರ 40. sinθ = 0.6, θ ಸುಮಾರು 37°. 74° ಹಾಕಿ ನೋಡಿ, ಎತ್ತರ 14 ಸೆಂ.ಮೀ. ಬರುತ್ತದೆ. ಚಿತ್ರದಲ್ಲಿರುವುದು 40. ತಪ್ಪು ಅಲ್ಲೇ ಗೊತ್ತಾಗುತ್ತದೆ.

mg cosθ ಇಲ್ಲಿ ಸಲ್ಲದು. ಅದು ಅತ್ತಿತ್ತ ತೂಗುವ ಲೋಲಕ ಕೊನೆಯಲ್ಲಿ ಒಂದು ಕ್ಷಣ ನಿಂತಾಗಿನ ಮಾತು. ಇಲ್ಲಿ ಗುಂಡು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ದಾರದ ಎಳೆತದಲ್ಲಿ ನೇರ ಮೇಲ್ಮುಖವಾದ ಪಾಲೇ ಪೂರ್ತಿ ಭಾರ ಹೊರಬೇಕು. ಭಾರ 1.96 ನ್ಯೂಟನ್. ಅದನ್ನು 0.8ರಿಂದ ಭಾಗಿಸಿದರೆ 2.45 ನ್ಯೂಟನ್. ಹೀಗೆ ಒಂದೇ ಮಟ್ಟದಲ್ಲಿ ಸುತ್ತುವಾಗ ಓರೆಯಾದ ದಾರದ ಎಳೆತ ಭಾರಕ್ಕಿಂತ ಯಾವಾಗಲೂ ಜಾಸ್ತಿ. ನಿಮ್ಮ ಲೆಕ್ಕದಲ್ಲಿ ಕಡಿಮೆ ಬರುತ್ತದೆ.

ಒಂದು ಸುತ್ತಿನ ಕಾಲ 2π√(h/g), ಅಂದರೆ 1.27 ಸೆಕೆಂಡು. ಇದರಲ್ಲಿ ಗುಂಡಿನ ತೂಕ ಬರುವುದೇ ಇಲ್ಲ, ಎತ್ತರ h ಒಂದೇ ಸಾಕು. ಇನ್ನೊಂದು ಮಾತು. ಎಳೆತಕ್ಕೂ ಕಾಲಕ್ಕೂ ಎರಡಕ್ಕೂ T ಅಂತ ಬರೆಯಬೇಡಿ. ಎಳೆತಕ್ಕೆ F ಇಡಿ.

—

ನಾನು ಇದೇ ಅಳತೆಯಲ್ಲಿ ಗುಂಡು ತಿರುಗಿಸಿ ಪಕ್ಕದಿಂದ ನೋಡಿ ಎಣಿಸಿದ್ದೆ. 10ಕ್ಕೆ 6 ಸೆಕೆಂಡು ಚಿಲ್ಲರೆ ಆಯಿತು. ಒಂದಕ್ಕೆ 1.27 ಹೇಗೆ?

—

ಎಡದಿಂದ ಬಲಕ್ಕೆ ಬಂದದ್ದನ್ನೇ ಒಂದು ಅಂತ ಎಣಿಸಿದ್ದೀರಿ ಅನಿಸುತ್ತದೆ. ಅದು ಅರ್ಧ ಸುತ್ತು. ಗುಂಡು ಮತ್ತೆ ಎಡಕ್ಕೆ ಬರಬೇಕು.

—

ಇದಕ್ಕೇ ‘ಆಂದೋಲನ’ ಬಿಟ್ಟು ‘ಒಂದು ಸುತ್ತು’ ಅಂತಲೇ ಉಳಿಸಿಕೊಳ್ಳುತ್ತೇನೆ. ಪಕ್ಕದಿಂದ ನೋಡಿದರೆ ಸುತ್ತುವುದೂ ತೂಗಿದಂತೆ ಕಾಣುತ್ತದೆ. ಕೋನಕ್ಕೆ ‘ದಾರ ನೇರಗೆರೆಯೊಂದಿಗೆ ಮಾಡುವ ಕೋನ’ ಎಂದು ಬಿಡಿಸಿಯೇ ಬರೆಯುತ್ತೇನೆ. ‘ಸೆಳೆತ’ ಮಾತ್ರ ಇನ್ನೂ ಕಾಡುತ್ತಿದೆ. ಅದೇ ಪಾಠದಲ್ಲಿ ‘ಭೂಮಿಯ ಸೆಳೆತ’ವೂ ಇದೆ. ‘ಎಳೆತ’ ಎಲ್ಲರಿಗೂ ಒಪ್ಪಿಗೆಯೇ?

—

ನನಗೆ ‘ಬಿಗಿತ’ವೇ ಇಷ್ಟ. ಎಳೆತ ಒಂದು ದಿಕ್ಕಿಗೆ, ಬಿಗಿತ ದಾರದ ಉದ್ದಕ್ಕೂ ಇರುತ್ತದೆ.