ಸಹಾಯ ಬೇಕು: ಸವಣೂರಿನಿಂದ ಹುಬ್ಬಳ್ಳಿಗೆ ಈಗಲೇ ವಾಹನ

ಬಂಡಿಯಿಂದ ಬಿದ್ದು ಮುಂಗೈ ಮುರಿದುಕೊಂಡ ಮಗನಿಗೆ ನಿನ್ನೆ ಸಂಜೆ ಪ್ಲಾಸ್ಟರ್ ಹಾಕಿಸಿದೆವು. ಮಧ್ಯಾಹ್ನದಿಂದ ನೋವು ಏರುತ್ತಲೇ ಇದೆ, ಮಾತ್ರೆಗೂ ಬಗ್ಗುತ್ತಿಲ್ಲ. ಬೆರಳುಗಳು ಊದಿ ಜೋಮು ಹಿಡಿದಿವೆ. ಮೆಲ್ಲನೆ ಬಿಡಿಸಿದರೂ ಚೀರುತ್ತಾನೆ.

ನರ್ಸ್ ಆಗಿರುವ ನಾದಿನಿ ಫೋನಿನಲ್ಲಿ ಕೇಳಿ ಗಾಬರಿಯಾದಳು. ಒಳಗಿನ ಊತಕ್ಕೆ ಜಾಗವಿಲ್ಲದೆ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ಸಿಗದೇ ಇರಬಹುದು, ಕೆಲವೇ ಗಂಟೆಗಳಲ್ಲಿ ಅವು ಸಾಯಬಹುದು ಎಂದಳು. ಬೆರಳು ಬೆಚ್ಚಗಿದ್ದರೂ, ನಾಡಿ ಸಿಕ್ಕರೂ ನಂಬಬಾರದಂತೆ. ಪ್ಲಾಸ್ಟರನ್ನು ಒಳಗಿನ ಹತ್ತಿಯ ಸಮೇತ ಚರ್ಮದವರೆಗೆ ವೈದ್ಯರೇ ಸೀಳಬೇಕು, ಸಾಲದಿದ್ದರೆ ಶಸ್ತ್ರಚಿಕಿತ್ಸೆ. ಅದಕ್ಕೇ ಊಟ, ನೀರು ಕೊಟ್ಟಿಲ್ಲ. ಎತ್ತರಕ್ಕೆ ಇಟ್ಟಿದ್ದ ಕೈಯನ್ನು ಎದೆಯ ಮಟ್ಟಕ್ಕೆ ಇಳಿಸಿದ್ದೇವೆ.

108ಕ್ಕೂ ಕರೆ ಮಾಡಿದ್ದೇವೆ. ಯಾವ ವಾಹನ ಮೊದಲು ಬಂದರೂ ಕಿಮ್ಸ್‌ಗೆ ಹೊರಡುತ್ತೇವೆ. ಬಸ್ ನಿಲ್ದಾಣದ ಹತ್ತಿರ ಕಾರು ಇರುವವರು ದಯವಿಟ್ಟು ತಿಳಿಸಿ.