ಪದಚರ್ಚೆ: ‘ವೃಷಲ’ ಎಂದರೆ ಶೂದ್ರನೋ, ಧರ್ಮಗೆಟ್ಟವನೋ?

ಬಳಗದವರಿಗೆ ನಮಸ್ಕಾರ.

ಮನುಸ್ಮೃತಿಯ ಆಯ್ದ ಭಾಗಗಳನ್ನು ಕನ್ನಡ ಗದ್ಯಕ್ಕೆ ತರುತ್ತಿದ್ದೇನೆ. ‘ವೃಷಲ’ ಎಂಬ ಪದ ಎರಡು ಕಡೆ ಕಾಡುತ್ತಿದೆ. ಎಂಟನೆಯ ಅಧ್ಯಾಯದ 16ನೇ ಶ್ಲೋಕ ಹೀಗಿದೆ: ‘ವೃಷೋ ಹಿ ಭಗವಾನ್ ಧರ್ಮಸ್ತಸ್ಯ ಯಃ ಕುರುತೇ ಹ್ಯಲಂ, ವೃಷಲಂ ತಂ ವಿದುರ್ದೇವಾಃ’. ಧರ್ಮವೇ ವೃಷಭ, ಅದಕ್ಕೆ ‘ಅಲಂ’, ಅಂದರೆ ಸಾಕು, ಎಂದವನನ್ನು ದೇವತೆಗಳು ವೃಷಲನೆಂದು ತಿಳಿಯುತ್ತಾರೆ. ಹತ್ತನೆಯ ಅಧ್ಯಾಯದ 43ರಲ್ಲಿ ಕೆಲವು ಕ್ಷತ್ರಿಯ ಜಾತಿಗಳು ಕರ್ಮಲೋಪದಿಂದ, ಬ್ರಾಹ್ಮಣರ ಸಂಪರ್ಕವಿಲ್ಲದೆ ಮೆಲ್ಲಗೆ ‘ವೃಷಲತ್ವ’ಕ್ಕೆ ಇಳಿದವು ಎಂದಿದೆ. ಮುಂದಿನ ಶ್ಲೋಕದಲ್ಲಿ ಅವುಗಳ ಪಟ್ಟಿ ಬರುತ್ತದೆ: ದ್ರವಿಡ, ಕಾಂಬೋಜ, ಯವನ, ಶಕ, ಪಹ್ಲವ, ಚೀನ ಇತ್ಯಾದಿ. ಸಂಪಾದಕರು ಎರಡೂ ಕಡೆ ‘ಶೂದ್ರ’ ಎಂದೇ ಇರಲಿ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಈ ಪಟ್ಟಿಯಿಂದ ಗ್ರಂಥದ ಕಾಲ ಹೇಳಬಹುದೇ ಎಂಬುದನ್ನೂ ಅಡಿಟಿಪ್ಪಣಿಗಾಗಿ ಕೇಳುತ್ತಿದ್ದೇನೆ.

– ಎಸ್.ವಿ.

*

ಎಸ್.ವಿ. ಅವರೇ,

ಇದರಲ್ಲಿ ಗೊಂದಲವೇನಿದೆ? ಅಮರಕೋಶ ತೆರೆದರೆ ಶೂದ್ರವರ್ಗದ ಮೊದಲ ಸಾಲಿನಲ್ಲಿಯೇ ‘ಶೂದ್ರಾಶ್ಚಾವರವರ್ಣಾಶ್ಚ ವೃಷಲಾಶ್ಚ ಜಘನ್ಯಜಾಃ’ ಎಂದಿದೆ. ಮುದ್ರಾರಾಕ್ಷಸದಲ್ಲಿ ಚಾಣಕ್ಯನು ಚಂದ್ರಗುಪ್ತನನ್ನು ‘ವೃಷಲ’ ಎಂದು ಕೂಗುವುದೂ ಈ ಅರ್ಥದಲ್ಲಿಯೇ. ಸಂಪಾದಕರು ಹೇಳಿದ್ದೇ ಸರಿ. ಕಾಲದ ಮಾತೂ ಸುಲಭ. ಯವನರು ಬಂದದ್ದು ಅಲೆಕ್ಸಾಂಡರನ ಜೊತೆ. ಆದ್ದರಿಂದ ‘ಯವನ’ ಎಂಬ ಪದವಿರುವ ಯಾವ ಗ್ರಂಥವೂ ಕ್ರಿ.ಪೂ. 327ಕ್ಕಿಂತ ಹಿಂದಿನದಲ್ಲ. ಅಡಿಟಿಪ್ಪಣಿಗೆ ಇಷ್ಟು ಸಾಕು.

– ನಿವೃತ್ತ ಮೇಷ್ಟರು, ಕೆ.ಆರ್.

*

ಮಾನ್ಯರೇ,

ನಾನು ವಕೀಲ, ಸಂಸ್ಕೃತ ಅಷ್ಟಕ್ಕಷ್ಟೇ. ‘ಧರ್ಮೋ ರಕ್ಷತಿ ರಕ್ಷಿತಃ’ ಎಂಬುದನ್ನು ನ್ಯಾಯಾಲಯದಲ್ಲಿ ಎಷ್ಟೋ ಸಲ ಉದ್ಧರಿಸಿದ್ದೇನೆ. ಅದು ಈ ಶ್ಲೋಕದ ಹಿಂದಿನ ಶ್ಲೋಕವೇ ಎಂಬುದು ಈಗ ಗೊತ್ತಾಯಿತು. ಹಾಗಾದರೆ ಶಾಸ್ತ್ರಕಾರರು ಜಾತಿಯನ್ನು ನಡತೆಯಿಂದ ನಿರ್ಧರಿಸಿದರು, ಹುಟ್ಟಿನಿಂದಲ್ಲ ಎಂದು ಧೈರ್ಯವಾಗಿ ಹೇಳಬಹುದಲ್ಲವೇ? ಇನ್ನೊಂದು ಸಂಶಯ. ಆಸ್ತಿಯ ದಾವೆಗಳಲ್ಲಿ ನಾವು ಬಳಸುವ ಮಿತಾಕ್ಷರಕ್ಕೆ ಕಾಲ ಖಚಿತವಾಗಿದೆ. ಮನುವಿಗೆ ಏಕಿಲ್ಲ? ಒಂದು ಇಸವಿ ಕೊಟ್ಟುಬಿಡಿ.

– ಜಿ.ಎಂ.

*

ಗೆಳೆಯರೇ,

ಮೇಷ್ಟರು ಉದ್ಧರಿಸಿದ ಅಮರಕೋಶದ ಸಾಲು ಸರಿಯಾಗಿದೆ. ಆದರೆ ನಿಘಂಟು ಹೇಳುವುದು ತನ್ನ ಕಾಲಕ್ಕೆ ನೆಲೆನಿಂತ ಅರ್ಥವನ್ನು. ಋಗ್ವೇದದ ಜೂಜುಕೋರನ ಸೂಕ್ತವನ್ನು ನೋಡಿ (10.34.11). ಬೆಳಿಗ್ಗೆ ದಾಳಗಳೆಂಬ ಕಂದುಬಣ್ಣದ ಕುದುರೆಗಳನ್ನು ಹೂಡಿದವನು ಕೊನೆಗೆ ಬೆಂಕಿಯ ಪಕ್ಕದಲ್ಲಿ ‘ವೃಷಲ’ನಾಗಿ ಬಿದ್ದುಕೊಳ್ಳುತ್ತಾನೆ. ಅಲ್ಲಿ ವರ್ಣದ ಸುಳಿವೇ ಇಲ್ಲ, ಕೈ ಬರಿದಾದ ಮನುಷ್ಯನಿದ್ದಾನೆ ಅಷ್ಟೇ. ಮನು ಹೇಳುವ ‘ವೃಷ’ ಮತ್ತು ‘ಅಲಂ’ ವ್ಯಾಕರಣದ ವ್ಯುತ್ಪತ್ತಿಯಲ್ಲ. ಪದವನ್ನು ಒಡೆದು ಬೇಕಾದ ಅರ್ಥ ತುಂಬುವ ಹಳೆಯ ನಿರುಕ್ತದ ಜಾಣ್ಮೆ ಅದು.

ಆ ಜಾಣ್ಮೆ ಯಾರ ಮೇಲೆ ಪ್ರಯೋಗವಾಗಿದೆ ಎಂಬುದು ಮುಖ್ಯ. ಎಂಟನೆಯ ಅಧ್ಯಾಯ ರಾಜನ ನ್ಯಾಯಸಭೆಯದು. ಹನ್ನೆರಡನೇ ಶ್ಲೋಕದಲ್ಲಿ ಅಧರ್ಮದ ಬಾಣ ನೆಟ್ಟ ಧರ್ಮ ಸಭೆಗೆ ಬರುತ್ತದೆ, ಆ ಬಾಣವನ್ನು ಕೀಳದ ಸಭಾಸದರಿಗೂ ಅದೇ ಗಾಯವಾಗುತ್ತದೆ. ಹದಿನೆಂಟರಲ್ಲಿ ತಪ್ಪು ತೀರ್ಪಿನ ಪಾಪ ನಾಲ್ಕು ಪಾಲಾಗುತ್ತದೆ: ತಪ್ಪು ಮಾಡಿದವನಿಗೆ ಒಂದು, ಸಾಕ್ಷಿಗೆ ಒಂದು, ಸಭಾಸದರಿಗೆ ಒಂದು, ರಾಜನಿಗೆ ಒಂದು. ಇವುಗಳ ನಡುವೆ ‘ವೃಷಲ’ ಬರುವುದರಿಂದ ಅದು ತೀರ್ಪು ಕೆಡಿಸುವವನಿಗೆ ಹಾಕಿದ ಬೈಗುಳ. ಅಲ್ಲಿ ‘ಶೂದ್ರ’ ಎಂದು ಹಾಕಿದರೆ ಶ್ಲೋಕವೇ ಕೆಡುತ್ತದೆ.

ಹಾಗೆಂದು ಜಿ.ಎಂ. ಅವರು ಬಯಸಿದ ತೀರ್ಮಾನವೂ ಸಿಗುವುದಿಲ್ಲ. ನಾಲ್ಕೇ ಶ್ಲೋಕ ಮುಂದೆ ಹೋಗಿ. ಬರೀ ಹುಟ್ಟನ್ನೇ ನೆಚ್ಚಿಕೊಂಡ, ಹೆಸರಿಗೆ ಮಾತ್ರ ಬ್ರಾಹ್ಮಣನಾದವನೂ ರಾಜನಿಗೆ ಧರ್ಮ ಹೇಳಬಹುದು, ಶೂದ್ರ ಮಾತ್ರ ಎಂದಿಗೂ ಹೇಳಕೂಡದು ಎಂದಿದೆ. ಶೂದ್ರನು ನ್ಯಾಯ ಹೇಳುವ ರಾಜ್ಯ ಕೆಸರಿನಲ್ಲಿ ಸಿಕ್ಕಿಬಿದ್ದ ಹಸುವಿನಂತೆ ಕುಸಿಯುತ್ತದೆ ಎಂದೂ ಇದೆ. ನಡತೆ ಕೆಟ್ಟರೆ ಬೈಗುಳ ಬೀಳುತ್ತದೆ, ಅಧಿಕಾರ ಮಾತ್ರ ಹುಟ್ಟಿನ ಲೆಕ್ಕದಲ್ಲಿಯೇ ಸಿಗುತ್ತದೆ. 16ನ್ನು ಉದ್ಧರಿಸಿ 20ನ್ನು ಬಿಡುವುದು ವಕೀಲರಿಗೆ ಒಪ್ಪಬಹುದು, ಅನುವಾದಕರಿಗೆ ಒಪ್ಪದು.

ಇನ್ನು ಕಾಲ. ಅಲೆಕ್ಸಾಂಡರನ ವಾದ ನಿಲ್ಲುವುದಿಲ್ಲ. ಪರ್ಷಿಯನ್ನರು ಅವನಿಗಿಂತ ಬಹಳ ಹಿಂದೆಯೇ ಗ್ರೀಕರನ್ನು ‘ಯೌನ’ ಎನ್ನುತ್ತಿದ್ದರು. ‘ಯವನ’ ಪಾಣಿನಿಯ ಸೂತ್ರದಲ್ಲಿಯೇ ಇದೆ (4.1.49). ಕಾಲ ಹೇಳಲು ಹೆಚ್ಚು ಉಪಯೋಗಕ್ಕೆ ಬರುವವರು ಯವನರಿಗಿಂತ ತಡವಾಗಿ ವಾಯವ್ಯದಿಂದ ಬಂದ ಶಕರು ಮತ್ತು ಪಹ್ಲವರು. ಅಶೋಕನ ಹದಿಮೂರನೇ ಬಂಡೆಗಲ್ಲಿನ ಶಾಸನದಲ್ಲಿ ಯೋನರೂ ಕಾಂಬೋಜರೂ ಇದ್ದಾರೆ, ಶಕ-ಪಹ್ಲವರಿಲ್ಲ. ಪಾಣಿನಿಗೆ ಭಾಷ್ಯ ಬರೆದ, ಸಾಮಾನ್ಯವಾಗಿ ಕ್ರಿ.ಪೂ. 150ರ ಸುಮಾರಿನವನೆಂದು ಹೇಳುವ ಪತಂಜಲಿ ‘ಶಕಯವನಮ್’ ಎಂಬ ಸಮಾಸವನ್ನು ಕೊಡುತ್ತಾನೆ, ಅದೂ ಬಹಿಷ್ಕೃತರಲ್ಲದ ಶೂದ್ರರ ಕುರಿತ ಸೂತ್ರದ ಚರ್ಚೆಯಲ್ಲಿ. ‘ಶಕ ಯವನ ಪಹ್ಲವ’ ಮೂವರೂ ಒಟ್ಟಿಗೆ ಸಿಗುವುದು ನಾಸಿಕದ ಗುಹೆಯಲ್ಲಿರುವ ಗೌತಮೀ ಬಲಶ್ರೀಯ ಶಾಸನದಲ್ಲಿ. ಅದು ಕ್ರಿ.ಶ. ಎರಡನೇ ಶತಮಾನದ್ದು. ಆಕೆಯ ಮಗ ಗೌತಮೀಪುತ್ರ ಶಾತಕರ್ಣಿ ಆ ಮೂವರನ್ನು ಸದೆಬಡಿದವನು, ನಾಲ್ಕು ವರ್ಣಗಳ ಸಂಕರವನ್ನು ತಡೆದವನು ಎಂದು ಅದೇ ಶಾಸನ ಹೊಗಳುತ್ತದೆ. ಪರದೇಶದವರ ದಾಳಿ ಮತ್ತು ವರ್ಣಸಂಕರದ ಭಯ ಒಂದೇ ಉಸಿರಿನಲ್ಲಿ ಬರುವ ಇಂಥ ಕಾಲದಲ್ಲಿಯೇ ಮನುವಿನ ಹತ್ತನೆಯ ಅಧ್ಯಾಯ ಹುಟ್ಟಿರಬೇಕು ಎಂದು ನನಗನ್ನಿಸುತ್ತದೆ.

ಇದು ಅನ್ನಿಸಿಕೆಯೇ ಹೊರತು ಸಾಕ್ಷ್ಯವಲ್ಲ. ಒಂದು ಶ್ಲೋಕ ತನ್ನ ಕಾಲವನ್ನು ಹೇಳೀತು, ಇಡೀ ಗ್ರಂಥದ ಕಾಲವನ್ನಲ್ಲ. ಹಳೆಯ ಪಟ್ಟಿಗೆ ಹೊಸ ಹೆಸರು ತುರುಕುವುದು ಲಿಪಿಕಾರನಿಗೆ ಅರೆಗಳಿಗೆಯ ಕೆಲಸ. ಜಿ.ಎಂ. ಅವರು ಕೇಳಿದ ಇಸವಿ ಸಿಗದಿರುವುದು ಇದರಿಂದಲೇ. ವಿಜ್ಞಾನೇಶ್ವರನು ಮಿತಾಕ್ಷರದ ಕೊನೆಯಲ್ಲಿ ಕಲ್ಯಾಣನಗರವನ್ನೂ ವಿಕ್ರಮಾದಿತ್ಯನನ್ನೂ ಹೆಸರಿಸಿ ಹೋದ. ಆ ಚಾಲುಕ್ಯ ದೊರೆ ಆಳಿದ್ದು 1076ರಿಂದ 1126ರವರೆಗೆ. ಮನುಸ್ಮೃತಿ ತನ್ನನ್ನು ಸೃಷ್ಟಿಯ ಆರಂಭಕ್ಕೇ ಕಟ್ಟಿಕೊಳ್ಳುತ್ತದೆ, ಯಾವ ರಾಜನ ಹೆಸರನ್ನು ಹೇಳೀತು? 1886ರಲ್ಲಿ ಮನುವನ್ನು ಇಂಗ್ಲಿಷಿಗೆ ತಂದ ಬ್ಯೂಲರ್ ಕ್ರಿ.ಪೂ. ಎರಡನೇ ಶತಮಾನದಿಂದ ಕ್ರಿ.ಶ. ಎರಡನೇ ಶತಮಾನದವರೆಗಿನ ಅವಧಿಯನ್ನು ಕೊಟ್ಟ. 2005ರಲ್ಲಿ ಪರಿಷ್ಕೃತ ಪಾಠವನ್ನು ಹೊರತಂದ ಓಲಿವೆಲ್ ಕ್ರಿ.ಶ. ಎರಡನೇ ಶತಮಾನದತ್ತ ವಾಲುತ್ತಾರೆ. ದಂಡಗಳಲ್ಲಿ ಚಿನ್ನದ ನಾಣ್ಯದ ಮಾತು ಬರುವುದು ಅವರಿಗಿರುವ ಆಧಾರಗಳಲ್ಲೊಂದು.

– ಪಿ.ಎನ್.

*

ಪಿ.ಎನ್. ಅವರ ಮಾತುಗಳು ಉಪಯುಕ್ತ. ಆದರೂ ಚಾಣಕ್ಯನ ‘ವೃಷಲ’ ಶೂದ್ರಾರ್ಥದ್ದೇ ಎಂಬ ನನ್ನ ಮಾತಿಗೆ ಅವರು ಉತ್ತರಿಸಿಲ್ಲ.

– ಕೆ.ಆರ್.

*

ಮೇಷ್ಟರೇ, ಆ ನಾಟಕದಲ್ಲಿ ಚಂದ್ರಗುಪ್ತ ಆ ಸಂಬೋಧನೆಯಿಂದ ಅವಮಾನಗೊಂಡಂತೆ ಕಾಣುವುದಿಲ್ಲ. ಗುರು ಸಲುಗೆಯಿಂದ ಕರೆಯುವ ಹೆಸರಿನಂತೆಯೇ ಕೇಳಿಸುತ್ತದೆ. ಹುಟ್ಟಿನ ಕುರಿತ ಚುಚ್ಚು ಅದರಲ್ಲಿ ಇಲ್ಲವೇ ಇಲ್ಲ ಎಂದು ಆಣೆ ಮಾಡಲಾರೆ.

– ಪಿ.ಎನ್.

*

ಎಲ್ಲರಿಗೂ ಋಣಿ. 8.16ರಲ್ಲಿ ‘ವೃಷಲ’ವನ್ನು ಹಾಗೆಯೇ ಉಳಿಸಿ ವೃಷಭದ ಆಟವನ್ನು ವಾಕ್ಯದೊಳಗೇ ತೋರಿಸುತ್ತೇನೆ. ಅಡಿಟಿಪ್ಪಣಿಯಲ್ಲಿ ಇಸವಿ ಹಾಕದೆ ಶಕ-ಪಹ್ಲವರ ಸಂಗತಿಯನ್ನು ಬರೆಯುತ್ತೇನೆ. 10.43ಕ್ಕೆ ‘ಶೂದ್ರರಾದರು’ ಎನ್ನಬೇಕೋ ‘ಪತಿತರಾದರು’ ಎನ್ನಬೇಕೋ ಇನ್ನೂ ತಿಳಿಯುತ್ತಿಲ್ಲ. ಅದೇ ಅಧ್ಯಾಯದ ನಾಲ್ಕನೇ ಶ್ಲೋಕ ಐದನೇ ವರ್ಣವೇ ಇಲ್ಲ ಎನ್ನುತ್ತದೆ. ಅದರ ಪ್ರಕಾರ ಕ್ಷತ್ರಿಯತ್ವ ಕಳೆದುಕೊಂಡವರು ಶೂದ್ರರೇ ಆಗಬೇಕು. ಆದರೆ ಮುಂದಿನ 45ನೇ ಶ್ಲೋಕ ನಾಲ್ಕು ವರ್ಣಗಳ ಹೊರಗಿನವರನ್ನೆಲ್ಲ ‘ದಸ್ಯು’ ಎನ್ನುತ್ತದೆ. ಹಾಗಿದ್ದರೆ ಈ ಶಕ-ಯವನರು ಒಳಗಿನವರೋ ಹೊರಗಿನವರೋ? ಮಹಾಭಾರತದ ಅನುಶಾಸನಪರ್ವದಲ್ಲಿಯೂ ಹೆಚ್ಚುಕಡಿಮೆ ಇದೇ ಮಾತಿದೆ. ಯಾವುದು ಯಾವುದರಿಂದ ಎತ್ತಿಕೊಂಡಿದೆ ಎಂಬುದರ ಬಗ್ಗೆ ಯಾರಿಗಾದರೂ ಗಟ್ಟಿ ಆಧಾರ ಗೊತ್ತಿದ್ದರೆ ಬರೆಯಿರಿ.

– ಎಸ್.ವಿ.